ತೆರಿಗೆ ಉಳಿಯುತ್ತೆ ಅಂತ ಮನೆ ಸಾಲ ತೀರಿಸದೆ ಇಟ್ಟುಕೊಳ್ಳಬೇಕಾ?

ರೈಲು ಮೇಷ್ಟ್ರು, ಕಲಬುರಗಿ

ಎಲ್ಲರಿಗೂ ನಮಸ್ಕಾರ. ನಾನು ಯಾದಗಿರಿಯಲ್ಲಿ ಸರ್ಕಾರಿ ಪಿಯು ಕಾಲೇಜಿನ ಉಪನ್ಯಾಸಕ. ಮನೆ ಇರುವುದು ಕಲಬುರಗಿಯ ಸೇಡಂ ರಸ್ತೆ ಕಡೆ. ದಿನಾ ವಾಡಿ ಮೇಲೆ ರೈಲಿನಲ್ಲಿ ಹೋಗಿ ಬರುತ್ತೇನೆ.

2025ರ ಮಾರ್ಚ್‌ನಲ್ಲಿ ಒಂದು ಹೌಸಿಂಗ್ ಫೈನಾನ್ಸ್ ಕಂಪನಿಯಿಂದ 30 ಲಕ್ಷ ಸಾಲ ತೆಗೆದುಕೊಂಡೆ. ಬಡ್ಡಿ 8.5, ಫ್ಲೋಟಿಂಗ್. 20 ವರ್ಷ. ತಿಂಗಳ ಕಂತು 26,035 ರೂಪಾಯಿ. ಮಾರ್ಚ್ ಮುಗಿದ ಮೇಲೆ ಸ್ಟೇಟ್‌ಮೆಂಟ್ ತೆಗೆಸಿದೆ. ನೋಡಿ ತಲೆ ತಿರುಗಿತು. ವರ್ಷದಲ್ಲಿ ಕಟ್ಟಿದ್ದು 3 ಲಕ್ಷ 12 ಸಾವಿರ. ಅದರಲ್ಲಿ ಬಡ್ಡಿಗೆ ಹೋಗಿದ್ದು 2,52,709. ಅಸಲಿಗೆ ಬಿದ್ದಿದ್ದು ಬರೀ 60 ಸಾವಿರದ ಹತ್ತಿರ. ಇನ್ನೂ 29 ಲಕ್ಷ 40 ಸಾವಿರ ಬಾಕಿ.

ಈಗ ಹೊಲದ ತೊಗರಿ ಮಾರಿದ ಹಣ, ಎರಡು ವರ್ಷದ್ದು ಸೇರಿ, 5 ಲಕ್ಷ ಕೈಯಲ್ಲಿದೆ. ಸಾಲಕ್ಕೆ ಹಾಕಿಬಿಡೋಣ ಅಂದುಕೊಂಡೆ. ಆದರೆ ಸಾಲ ಕೊಟ್ಟ ಕಡೆಯ ಹುಡುಗ ಹೇಳಿದ: "ಸರ್, ತಪ್ಪು ಮಾಡಬೇಡಿ. ಬಡ್ಡಿಗೂ ಅಸಲಿಗೂ ತೆರಿಗೆ ವಿನಾಯಿತಿ ಇದೆ. ನಿಮಗೆ ನಿಜವಾಗಿ ಬೀಳುವ ಬಡ್ಡಿ 6ಕ್ಕಿಂತ ಕಡಿಮೆ. ಆ ಹಣ ಎಫ್‌ಡಿ ಇಡಿ, 6.5 ಸಿಗುತ್ತೆ." ಸ್ಟಾಫ್ ರೂಮಿನಲ್ಲೂ ಇದೇ ಮಾತು.

ಇದು ನಿಜಾನಾ? ಯಾರಾದರೂ ಲೆಕ್ಕ ಹಾಕಿ ಹೇಳಿ.

ಜೇವರ್ಗಿ ಹುಡುಗ

ಸರ್, ಅವನು ಹೇಳಿದ್ದು ಸರಿ ಇದೆ. 8.5ರಲ್ಲಿ 30 ಪರ್ಸೆಂಟ್ ತೆರಿಗೆ ಕಳೆಯಿರಿ, 5.95 ಬರುತ್ತೆ. ಅದರ ಮೇಲೆ ಅಸಲಿಗೆ 80ಸಿಯಲ್ಲಿ ಒಂದೂವರೆ ಲಕ್ಷ ಬೇರೆ. ನಾನು ಹೋದ ವರ್ಷ ಇದೇ ಲೆಕ್ಕ ನೋಡಿ ಸಾಲ ತೆಗೆದುಕೊಂಡೆ. ಇಷ್ಟು ಅಗ್ಗದ ಸಾಲ ಬೇರೆ ಎಲ್ಲೂ ಸಿಗಲ್ಲ. ತೀರಿಸೋಕೆ ಹೋಗಬೇಡಿ.

ಬಸವಕಲ್ಯಾಣ 72

ನನ್ನದೂ ಇದೇ ಪ್ರಶ್ನೆ. ನಮ್ಮ ಮನೆ ಅಪ್ಪನ ಹೆಸರಲ್ಲಿದೆ. ಸಾಲದಲ್ಲಿ ನಾನೂ ಸಹಿ ಮಾಡಿದ್ದೇನೆ, ಕಂತು ನನ್ನ ಸಂಬಳದಿಂದಲೇ ಹೋಗುತ್ತದೆ. ನನಗೆ ಎಷ್ಟು ವಿನಾಯಿತಿ ಸಿಗುತ್ತದೆ? ಮೇಷ್ಟ್ರೇ, ನಿಮ್ಮ ಮನೆಗೂ ಅಪ್ಪನ ಹೊಲದ ಹಣ ಹಾಕಿದರೆ ಅಪ್ಪನ ಹೆಸರು ಸೇರಿಸಬೇಕಾಗುತ್ತಾ?

ರೈಲು ಮೇಷ್ಟ್ರು, ಕಲಬುರಗಿ

ಇಲ್ಲ ಸರ್, ಹೊಲ ನನ್ನ ಪಾಲಿನದೇ. ಪ್ರಶ್ನೆ ಅದಲ್ಲ.

ಲೆಕ್ಕದ ಮೇಡಂ

ಮೇಷ್ಟ್ರೇ, ಮೊದಲು ಮೂರು ವಿಷಯ ಹೇಳಿ. ವರ್ಷದ ಒಟ್ಟು ಸಂಬಳ ಎಷ್ಟು? 80ಸಿಗೆ ಬೇರೆ ಏನೇನು ಹೋಗುತ್ತಿದೆ? ಆಫೀಸಿನಲ್ಲಿ ಆದಾಯ ತೆರಿಗೆಗೆ ಹಳೆ ಪದ್ಧತಿ ಬರೆದುಕೊಟ್ಟಿದ್ದೀರಾ, ಹೊಸದಾ? ಇದು ಗೊತ್ತಿಲ್ಲದೆ 5.95 ಅನ್ನುವುದು ಸುಮ್ನೆ ಗಾಳಿಯಲ್ಲಿ ಗುಂಡು.

ಬಸವಕಲ್ಯಾಣದ ಅಣ್ಣಾ, ನಿಮಗೆ ಬೇಜಾರಾಗಬಹುದು. ಮನೆಯ ಮಾಲೀಕರಲ್ಲಿ ನಿಮ್ಮ ಹೆಸರಿಲ್ಲ ಅಂದರೆ ನೀವು ಪೂರ್ತಿ ಕಂತು ಕಟ್ಟಿದರೂ ಬಡ್ಡಿಯ ಕಡಿತ ನಿಮಗಿಲ್ಲ. ಸಾಲದಲ್ಲೂ ಹೆಸರು ಬೇಕು, ಖರೀದಿ ಪತ್ರದಲ್ಲೂ ಬೇಕು. ಕಂತು ನಿಮ್ಮ ಖಾತೆಯಿಂದ ಹೋಯಿತು ಅನ್ನುವುದು ಒಂದೇ ಸಾಲದು.

ಬಸವಕಲ್ಯಾಣ 72

ಮೂರು ವರ್ಷದಿಂದ ನಾನು ತೋರಿಸುತ್ತಾ ಬಂದಿದ್ದೇನಲ್ಲ ಮೇಡಂ! ಆಫೀಸಿನಲ್ಲಿ ಯಾರೂ ಏನೂ ಕೇಳಲಿಲ್ಲ.

ಲೆಕ್ಕದ ಮೇಡಂ

ಆಫೀಸಿನವರು ನೀವು ಕೊಟ್ಟ ಬಡ್ಡಿ ಸರ್ಟಿಫಿಕೇಟ್ ನೋಡುತ್ತಾರೆ, ಖರೀದಿ ಪತ್ರ ಕೇಳುವುದಿಲ್ಲ. ಕೇಳಿಲ್ಲ ಅಂದರೆ ಸರಿ ಅಂತಲ್ಲ. ನಿಮ್ಮದು ಬೇರೆ ಕಥೆ. ಕಾಗದ ಹಿಡಿದುಕೊಂಡು ಯಾರಾದರೂ ಸಿಎ ಹತ್ತಿರ ಕೂತು ಮಾತಾಡಿ. ಇಲ್ಲಿ ಬೇಡ.

ರೈಲು ಮೇಷ್ಟ್ರು, ಕಲಬುರಗಿ

ಮೇಡಂ, ಒಟ್ಟು ಸಂಬಳ 14 ಲಕ್ಷ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 12 ಲಕ್ಷ, ಉಳಿದದ್ದು ಮನೆ ಬಾಡಿಗೆ ಭತ್ಯೆ ಇತ್ಯಾದಿ. ಸರ್ಕಾರ ಹಾಕುವ ಎನ್‌ಪಿಎಸ್ ಪಾಲು ಇದರಲ್ಲಿ ಸೇರಿಸಿಲ್ಲ. ನನ್ನ ಪಾಲಿನ ಎನ್‌ಪಿಎಸ್ 1,20,000. ಎಲ್‌ಐಸಿ 36,000. ಅಪ್ಪ ಅಮ್ಮನ ಆರೋಗ್ಯ ವಿಮೆ 25,000. ಸಾಲ ಇದೆ ಅಂತ ಏಪ್ರಿಲ್‌ನಲ್ಲೇ ಹಳೆ ಪದ್ಧತಿ ಬರೆದುಕೊಟ್ಟೆ. ಹೋದ ವಾರ ಫಾರ್ಮ್ 16 ಬಂತು. ಒಟ್ಟು ತೆರಿಗೆ 1,11,800 ಕಡಿತವಾಗಿದೆ.

ಲೆಕ್ಕದ ಮೇಡಂ

ನನಗೆ ಇದೇ ಅನುಮಾನ ಇತ್ತು. ನಿಧಾನಕ್ಕೆ ಹೇಳುತ್ತೇನೆ, ಪಕ್ಕದಲ್ಲಿ ಪೆನ್ ಇಟ್ಟುಕೊಳ್ಳಿ.

ಮೊದಲು ಹಳೆ ಪದ್ಧತಿ. 14 ಲಕ್ಷದಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 50 ಸಾವಿರ ಕಳೆಯಿರಿ. 80ಸಿ ಒಂದೂವರೆ ಲಕ್ಷ ಕಳೆಯಿರಿ. ಆರೋಗ್ಯ ವಿಮೆ 25 ಸಾವಿರ. ಆಮೇಲೆ ಮನೆ ಸಾಲದ ಬಡ್ಡಿ. ನೀವು ಕಟ್ಟಿದ್ದು 2 ಲಕ್ಷ 52 ಸಾವಿರ, ಆದರೆ ಸ್ವಂತ ವಾಸದ ಮನೆಗೆ 24ಬಿಯಲ್ಲಿ ಸಿಗುವುದು ಹೆಚ್ಚೆಂದರೆ 2 ಲಕ್ಷ. ಉಳಿಯುವುದು 9,75,000. ಅದರ ಮೇಲಿನ ತೆರಿಗೆ ಸೆಸ್ ಸೇರಿ 1,11,800. ನಿಮ್ಮ ಫಾರ್ಮ್ 16ಕ್ಕೆ ಸರಿಯಾಗಿ ಕೂಡುತ್ತದೆ ಅಲ್ವಾ? ವೃತ್ತಿ ತೆರಿಗೆ ಬಿಟ್ಟಿದ್ದೇನೆ, ಅದು ಲೆಕ್ಕ ತಿರುಗಿಸುವಷ್ಟು ದೊಡ್ಡದಲ್ಲ.

ಈಗ ಹೊಸ ಪದ್ಧತಿ. 14 ಲಕ್ಷದಲ್ಲಿ 75 ಸಾವಿರ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆಯಿರಿ. ಅಷ್ಟೇ. ಸಾಲ ಇಲ್ಲ, ಎಲ್‌ಐಸಿ ಇಲ್ಲ, ಏನೂ ಇಲ್ಲ. 13,25,000 ಉಳಿಯಿತು. 2025-26ರ ದರದಲ್ಲಿ ಮೊದಲ 4 ಲಕ್ಷಕ್ಕೆ ಸೊನ್ನೆ, ಮುಂದಿನ 4 ಲಕ್ಷಕ್ಕೆ 20 ಸಾವಿರ, ಅದರ ಮುಂದಿನ 4 ಲಕ್ಷಕ್ಕೆ 40 ಸಾವಿರ, ಮಿಕ್ಕ ಸವಾ ಲಕ್ಷಕ್ಕೆ 15 ಪರ್ಸೆಂಟ್‌ನಂತೆ 18,750. ಸೆಸ್ ಸೇರಿ 81,900.

ಮೇಷ್ಟ್ರೇ, ಸಾಲದ ವಿನಾಯಿತಿ ಪೂರ್ತಿ ತೋರಿಸಿಯೂ ನೀವು 29,900 ರೂಪಾಯಿ ಜಾಸ್ತಿ ಕಟ್ಟಿದ್ದೀರಿ.

ರೈಲು ಮೇಷ್ಟ್ರು, ಕಲಬುರಗಿ

ಮೂರು ಸಲ ಕೂಡಿ ನೋಡಿದೆ. ಹೌದು. ಇದನ್ನು ಮನೆಯಲ್ಲಿ ಹೇಗೆ ಹೇಳಲಿ?

ಲೆಕ್ಕದ ಮೇಡಂ

ಹೇಳುವುದೇನೂ ಬೇಡ, ಹಣ ವಾಪಸ್ ಬರುತ್ತದೆ. ಆಫೀಸಿಗೆ ಬರೆದುಕೊಟ್ಟದ್ದು ಸಂಬಳದಿಂದ ತೆರಿಗೆ ಹಿಡಿಯುವುದಕ್ಕೆ ಮಾತ್ರ. ಸಂಬಳದಾರರು ರಿಟರ್ನ್ ಹಾಕುವಾಗ ಬೇರೆ ಪದ್ಧತಿ ಆರಿಸಬಹುದು. ನೀವು ಹೊಸದರಲ್ಲಿ ಹಾಕಿ, ಆ 29,900 ರಿಫಂಡ್ ಆಗುತ್ತದೆ. ಈ ವರ್ಷದ್ದಕ್ಕೆ ಆಫೀಸಿನಲ್ಲೂ ಬದಲಿಸಿ ಬರೆದುಕೊಡಿ.

ಹಳೆ ಪದ್ಧತಿ ಬೇಕಾದವರು ಮಾತ್ರ ಒಂದು ನೆನಪಿಡಿ. ಜುಲೈ ಕೊನೆಯ ಗಡುವಿನೊಳಗೇ ರಿಟರ್ನ್ ಹಾಕಬೇಕು. ತಡವಾಯಿತು ಅಂದರೆ ಹಳೆ ಪದ್ಧತಿ ಕೈತಪ್ಪುತ್ತದೆ. ಬಡ್ಡಿ ಸರ್ಟಿಫಿಕೇಟ್ ಎಷ್ಟೇ ಇದ್ದರೂ ಉಪಯೋಗಕ್ಕೆ ಬರುವುದಿಲ್ಲ.

ಜೇವರ್ಗಿ ಹುಡುಗ

ಮೇಡಂ ಒಂದು ನಿಮಿಷ. ಸರ್ ಅವರ ಲೆಕ್ಕದಲ್ಲಿ ಎನ್‌ಪಿಎಸ್ ಟ್ರಿಕ್ ಬಿಟ್ಟಿದ್ದೀರಿ. ಎನ್‌ಪಿಎಸ್‌ಗೆ ಬೇರೆಯಾಗಿ 50 ಸಾವಿರ ಇದೆಯಲ್ಲ? ಅದನ್ನು ಹಾಕಿದರೆ ಹಳೆಯದೇ ಗೆಲ್ಲುತ್ತೆ. ಅಸಲನ್ನೂ ನೀವು ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ಲೆಕ್ಕದ ಮೇಡಂ

ಒಳ್ಳೆಯ ಮಾತು ತಮ್ಮಾ, ಅರ್ಧ ಸರಿ ಇದೆ.

ಅಸಲನ್ನು ಯಾಕೆ ತೆಗೆದುಕೊಳ್ಳಲಿಲ್ಲ ಅಂದರೆ, 80ಸಿ ಅನ್ನುವುದು ಒಂದೇ ಡಬ್ಬಿ. ಅದರಲ್ಲಿ ಹಿಡಿಯುವುದು ಒಂದೂವರೆ ಲಕ್ಷ. ಮೇಷ್ಟ್ರ ಎನ್‌ಪಿಎಸ್ ಮತ್ತು ಎಲ್‌ಐಸಿ ಸೇರಿಯೇ 1,56,000 ಆಗಿದೆ. ಅಸಲು ಹೋಗಿ ನಿಂತಾಗ ಡಬ್ಬಿ ತುಂಬಿತ್ತು. ಸಂಬಳದಾರರಲ್ಲಿ ಎಷ್ಟೋ ಜನರದ್ದು ಹೀಗೇ. ಸಾಲ ತೆಗೆದುಕೊಳ್ಳುವ ಮೊದಲೇ ಪಿಎಫ್, ಎಲ್‌ಐಸಿ, ಮಕ್ಕಳ ಟ್ಯೂಷನ್ ಫೀ ಅಂತ 80ಸಿ ಮುಗಿದಿರುತ್ತದೆ. ಅಸಲಿಗೆ ವಿನಾಯಿತಿ ಅನ್ನುವುದು ಜಾಹೀರಾತಿನಲ್ಲಿ ಮಾತ್ರ.

ಈಗ ನಿನ್ನ ಟ್ರಿಕ್ ಹಾಕೋಣ. ಮೇಷ್ಟ್ರ ಎನ್‌ಪಿಎಸ್‌ನಲ್ಲಿ 50 ಸಾವಿರವನ್ನು ಆ ಬೇರೆ ಕಲಮಿಗೆ ಸರಿಸಿದರೆ 80ಸಿಯಲ್ಲಿ 44 ಸಾವಿರ ಜಾಗ ಖಾಲಿಯಾಗುತ್ತದೆ. ಅಲ್ಲಿ ಅಸಲು ಕೂರುತ್ತದೆ. ಒಟ್ಟು ಕಡಿತ 50 ಸಾವಿರ ಹೆಚ್ಚಾಯಿತು. ತೆರಿಗೆ 1,11,800ರಿಂದ 1,01,400ಕ್ಕೆ ಇಳಿಯಿತು. ಹೊಸದರಲ್ಲಿ 81,900. ಇನ್ನೂ 19,500 ನಷ್ಟವೇ.

14 ಲಕ್ಷ ಸಂಬಳಕ್ಕೆ ಹಳೆಯದು ಹೊಸದಕ್ಕೆ ಸಮ ಆಗಬೇಕಾದರೆ ಸ್ಟ್ಯಾಂಡರ್ಡ್ ಡಿಡಕ್ಷನ್ ಸೇರಿ ಒಟ್ಟು 5,68,750 ಕಡಿತ ಬೇಕು. ಮನೆ ಸಾಲ ಒಂದರಿಂದ ಅಲ್ಲಿಗೆ ಮುಟ್ಟುವುದು ಕಷ್ಟ.

ಜೇವರ್ಗಿ ಹುಡುಗ

ಹಾಗಾದರೆ ಯಾದಗಿರಿಯಲ್ಲಿ ಬಾಡಿಗೆ ತೋರಿಸಲಿ. ಕೆಲಸ ಅಲ್ಲಿ, ಮನೆ ಇಲ್ಲಿ. ಎರಡೂ ಸಿಗುತ್ತೆ ಅಂತ ಕೇಳಿದ್ದೇನೆ. ನಮ್ಮ ಕಡೆ ಸುಮಾರು ಜನ ಹೀಗೇ ಮಾಡ್ತಾರೆ.

ರೈಲು ಮೇಷ್ಟ್ರು, ಕಲಬುರಗಿ

ನಾನು ದಿನಾ ರೈಲಿನಲ್ಲಿ ಬರುವವನು ತಮ್ಮಾ. ಇಲ್ಲದ ಬಾಡಿಗೆ ಹೇಗೆ ತೋರಿಸಲಿ? ತಿಂಗಳ ಪಾಸ್ ಜೇಬಿನಲ್ಲೇ ಇದೆ.

ಲೆಕ್ಕದ ಮೇಡಂ

ಇಲ್ಲದ ಬಾಡಿಗೆಯ ರಸೀದಿ ಮಾತು ಬೇಡವೇ ಬೇಡ. ನಿಜವಾಗಿ ಯಾದಗಿರಿಯಲ್ಲಿ ಮನೆ ಮಾಡಿಕೊಂಡಿದ್ದರೆ ಎರಡೂ ಸಿಗುತ್ತಿತ್ತು, ಅದು ಸರಿ. ಆದರೆ ಎಷ್ಟು ಸಿಗುತ್ತಿತ್ತು ಅನ್ನುವುದನ್ನು ನೋಡಿ. ಬಾಡಿಗೆ ವಿನಾಯಿತಿಯಲ್ಲಿ ಮೂರು ಅಂಕಿ ಹೋಲಿಸಿ ಎಲ್ಲಕ್ಕಿಂತ ಕಡಿಮೆ ಇರುವುದನ್ನು ಕೊಡುತ್ತಾರೆ. ನಮ್ಮ ಊರುಗಳಲ್ಲಿ ಕುತ್ತಿಗೆ ಹಿಡಿಯುವುದು ಒಂದೇ: ಕಟ್ಟಿದ ಬಾಡಿಗೆಯಲ್ಲಿ ಮೂಲ ವೇತನ, ತುಟ್ಟಿಭತ್ಯೆಯ ಹತ್ತನೇ ಒಂದು ಭಾಗ ಕಳೆಯಬೇಕು. ಮೇಷ್ಟ್ರದ್ದು 12 ಲಕ್ಷ, ಅಂದರೆ 1,20,000 ಕಳೆಯಬೇಕು. ತಿಂಗಳಿಗೆ 11 ಸಾವಿರದ ಮನೆ ಅಂತ ಇಟ್ಟುಕೊಳ್ಳಿ, ವರ್ಷಕ್ಕೆ 1,32,000. ಸಿಗುವ ವಿನಾಯಿತಿ 12 ಸಾವಿರ. ತಿಂಗಳಿಗಲ್ಲ, ವರ್ಷಕ್ಕೆ. ಬಾಡಿಗೆ 10 ಸಾವಿರ ಆದರೆ ಸೊನ್ನೆ.

ಬೆಂಗಳೂರಿನವರ ಲೆಕ್ಕ ತಂದು ಯಾದಗಿರಿಗೆ ಹಾಕಿದರೆ ಹೀಗಾಗುತ್ತದೆ. ಅಲ್ಲಿ ಬಾಡಿಗೆ ದೊಡ್ಡದು, ಹತ್ತನೇ ಒಂದು ಕಳೆದರೂ ಮಿಗುತ್ತದೆ.

ಆಳಂದ ಟು ಬೆಂಗಳೂರು

ಆ ಬೆಂಗಳೂರಿನವನು ನಾನೇ ಮೇಡಂ. 🙂 ನನ್ನ ಸಂಬಳವೂ 14 ಲಕ್ಷ, ಸಾಲವೂ 30 ಲಕ್ಷ, 8.5, ಅದೇ ಸಮಯದ್ದು. ಮನೆ ಕಲಬುರಗಿಯಲ್ಲಿ ನನ್ನ ಹೆಸರಲ್ಲಿ, ಅಪ್ಪ ಅಮ್ಮ ಇರುತ್ತಾರೆ. ನಾನು ಇಲ್ಲಿ ಬಾಡಿಗೆ ಮನೆ. ಆಫೀಸಿನವರು ಬಾಡಿಗೆ ವಿನಾಯಿತಿ 2,40,000 ಕೊಟ್ಟಿದ್ದಾರೆ. ಪಿಎಫ್‌ನಿಂದ 80ಸಿ ತುಂಬಿದೆ. ವಿಮೆ 25 ಸಾವಿರ. ನನ್ನ ಲೆಕ್ಕದಲ್ಲಿ ಸಾಲದಿಂದ ವರ್ಷಕ್ಕೆ 41,600 ಉಳಿಯುತ್ತಿದೆ, 2 ಲಕ್ಷಕ್ಕೆ 20.8 ಪರ್ಸೆಂಟ್. ಸರಿನಾ?

ಲೆಕ್ಕದ ಮೇಡಂ

ನೀವು ಹಳೆ ಪದ್ಧತಿಯಲ್ಲಿ ಇರುವುದು ಸರಿ. ಆದರೆ ಉಳಿತಾಯ 41,600 ಅಲ್ಲ.

ನಿಮ್ಮ ಕಡಿತಗಳೆಲ್ಲ ಸೇರಿ 6,65,000. ತೆರಿಗೆ ಬೀಳುವುದು 7,35,000ಕ್ಕೆ. ಸೆಸ್ ಸೇರಿ 61,880. ಹೊಸದರಲ್ಲಿ ನಿಮಗೂ 81,900. ಹಳೆಯದು ಗೆದ್ದಿತು, ಇಲ್ಲಿಯವರೆಗೆ ಸರಿ.

ಈಗ ಸಾಲವೇ ಇರಲಿಲ್ಲ ಅಂದುಕೊಳ್ಳಿ. ಹಳೆಯದರಲ್ಲಿ ನಿಮ್ಮ ತೆರಿಗೆ 1,03,480 ಆಗುತ್ತಿತ್ತು. ಆಗ ನೀವು ಹಳೆಯದರಲ್ಲಿ ಕೂತಿರುತ್ತಿದ್ರಾ? ಇಲ್ಲ, ಹೊಸದಕ್ಕೆ ಹೋಗಿ 81,900 ಕಟ್ಟುತ್ತಿದ್ದಿರಿ. ಹಾಗಾಗಿ ಸಾಲ ನಿಮಗೆ ಉಳಿಸಿಕೊಟ್ಟದ್ದು 81,900ಕ್ಕೂ 61,880ಕ್ಕೂ ಇರುವ ವ್ಯತ್ಯಾಸ. 20,020 ರೂಪಾಯಿ. ನೀವು ಅಂದುಕೊಂಡದ್ದರ ಅರ್ಧಕ್ಕಿಂತ ಕಡಿಮೆ.

ವರ್ಷಕ್ಕೆ 2,52,709 ಬಡ್ಡಿ ಕಟ್ಟಿ 20,020 ವಾಪಸ್ ಪಡೆದರೆ 8.5ರ ಸಾಲ ನಿಮಗೆ ಸುಮಾರು 7.8ಕ್ಕೆ ಬಿತ್ತು. 5.95 ಅಲ್ಲ.

ಎಲ್ಲರೂ ಇದೇ ರೀತಿ ನೋಡಿ. ಸಾಲ ಇದ್ದಾಗ ಎರಡು ಪದ್ಧತಿಯಲ್ಲಿ ಯಾವುದು ಕಡಿಮೆಯೋ ಅದನ್ನು ಬರೆಯಿರಿ. ಸಾಲ ಇಲ್ಲದಿದ್ದರೆ ಯಾವುದು ಕಡಿಮೆಯೋ ಅದನ್ನೂ ಬರೆಯಿರಿ. ಎರಡರ ನಡುವಿನ ಅಂತರವೇ ಸಾಲದ ತೆರಿಗೆ ಲಾಭ. ಮೇಷ್ಟ್ರ ವಿಷಯದಲ್ಲಿ ಎರಡೂ 81,900. ಅಂತರ ಸೊನ್ನೆ. ಅವರ 8.5 ಪೂರ್ತಿ 8.5ವೇ.

ಆಳಂದ ಟು ಬೆಂಗಳೂರು

ಇದನ್ನು ಯಾರೂ ಹೀಗೆ ಹೇಳಿರಲಿಲ್ಲ. ಹಾಗಾದರೆ ನಾನು ಹಣ ಇದ್ದರೆ ಸಾಲಕ್ಕೆ ಹಾಕಬೇಕಾ, ಬೇಡವಾ? ನನಗೆ ಸ್ವಲ್ಪವಾದರೂ ಲಾಭ ಇದೆಯಲ್ಲ.

ಲೆಕ್ಕದ ಮೇಡಂ

ಇಲ್ಲೇ ಒಂದು ಸೊಗಸಾದ ವಿಷಯ ಇದೆ. ನೀವು ಕಟ್ಟುವ ಬಡ್ಡಿ ಎರಡೂವರೆ ಲಕ್ಷ, ಕಡಿತ ಸಿಗುವುದು 2 ಲಕ್ಷಕ್ಕೆ. ಮೇಲಿನ 52 ಸಾವಿರಕ್ಕೆ ಒಂದು ಪೈಸೆಯೂ ಸಿಗುತ್ತಿಲ್ಲ. ಅಂದರೆ ನಿಮ್ಮ ಸಾಲದ ಮೇಲ್ಭಾಗ ಪೂರ್ತಿ 8.5ರ ಸಾಲ, ಕೆಳಭಾಗ ಮಾತ್ರ ಅಗ್ಗದ್ದು. ನೀವು 5 ಲಕ್ಷ ಕಟ್ಟಿದರೆ ಮೊದಲು ಕರಗುವುದು ಆ ಮೇಲ್ಭಾಗ.

ಲೆಕ್ಕ ನೋಡಿ. ಬಾಕಿ 29 ಲಕ್ಷ 40 ಸಾವಿರ ಇದ್ದಾಗ 5 ಲಕ್ಷ ಕಟ್ಟಿದರೆ ಮುಂದಿನ ವರ್ಷದ ಬಡ್ಡಿ 2 ಲಕ್ಷ 47 ಸಾವಿರದ ಬದಲು 2 ಲಕ್ಷ 3 ಸಾವಿರ ಆಗುತ್ತದೆ. ನಿಮ್ಮ 2 ಲಕ್ಷದ ಕಡಿತ ಹಾಗೇ ಉಳಿಯಿತು! 44 ಸಾವಿರ ಬಡ್ಡಿ ಉಳಿಯಿತು, ತೆರಿಗೆ ಒಂದು ರೂಪಾಯಿ ಏರಲಿಲ್ಲ. ಇನ್ನೊಂದು 5 ಲಕ್ಷ ಕಟ್ಟಲು ಹೋದರೆ ಮಾತ್ರ ಕಡಿತಕ್ಕೆ ಕೈ ಬೀಳುತ್ತದೆ. ಆಗ ಆ ಹಣದ ಮೇಲಿನ ಉಳಿತಾಯ 8.5 ಅಲ್ಲ, 6.7ರ ಹತ್ತಿರ.

ಏನೂ ಕಟ್ಟದೆ ಬಿಟ್ಟರೆ ಈ 30 ಲಕ್ಷದ ಸಾಲದಲ್ಲಿ ಬಡ್ಡಿ 2 ಲಕ್ಷದ ಕೆಳಗೆ ಇಳಿಯುವುದು ಒಂಬತ್ತನೇ ವರ್ಷದಲ್ಲಿ. ಅಲ್ಲಿಯವರೆಗೆ ಮೇಲಿನದ್ದು ದಂಡಕ್ಕೆ ಕಟ್ಟುತ್ತಿರುತ್ತೀರಿ.

ಶಹಾಪುರದ ಅಕ್ಕ

ನಡುವೆ ಬಾಯಿ ಹಾಕ್ತೀನಿ, ಕ್ಷಮಿಸಿ. ನಮ್ಮ ಯಜಮಾನರು ಸಾಲ ತೆಗೆಯುವಾಗ ನನ್ನನ್ನೂ ಸೇರಿಸಿದರು, ಮನೆ ಪತ್ರದಲ್ಲೂ ನನ್ನ ಹೆಸರಿದೆ. ಇಬ್ಬರಿಗೂ ತಲಾ 2 ಲಕ್ಷ, ಒಟ್ಟು 4 ಲಕ್ಷ ಕಡಿತ ಅಂತ ಹೇಳಿದ್ದರು. ನಾನು ಸ್ಟಾಫ್ ನರ್ಸ್, ಸಂಬಳ ವರ್ಷಕ್ಕೆ 9 ಲಕ್ಷ. ನನ್ನ ಪಾಲಿಗೆ ಏನು ಬರುತ್ತೆ?

ಲೆಕ್ಕದ ಮೇಡಂ

ಅಕ್ಕಾ, ತಲಾ 2 ಲಕ್ಷ ಅನ್ನುವ ನಿಯಮ ನಿಜ. ಆದರೆ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಬೇಟ್ ಇದೆ, ಸಂಬಳದಾರರಿಗೆ 12,75,000. ನಿಮಗೆ ತೆರಿಗೆಯೇ ಇಲ್ಲ. ಇಲ್ಲದ ತೆರಿಗೆಯಲ್ಲಿ ಏನು ಕಳೆಯುವುದು? ನಿಮ್ಮ ಪಾಲಿನ ಕಡಿತದ ಬೆಲೆ ಸೊನ್ನೆ. ಪತ್ರದಲ್ಲಿ ಹೆಸರಿರುವುದು ಬೇರೆ ಕಾರಣಕ್ಕೆ ಒಳ್ಳೆಯದು, ಅದನ್ನು ತೆಗೆಸಬೇಡಿ.

ಶಹಾಪುರದ ಅಕ್ಕ

ತೆಗೆಸೋ ಮಾತೇ ಇಲ್ಲ ಬಿಡಿ! ಆದರೆ ಮೇಷ್ಟ್ರಿಗೆ ಒಂದು ಮಾತು. ಇದ್ದ 5 ಲಕ್ಷ ಪೂರ್ತಿ ಸಾಲಕ್ಕೆ ಸುರಿಯಬೇಡಿ. ನಮ್ಮ ಮಾವನವರಿಗೆ ಹೃದಯದ ತೊಂದರೆ ಆದಾಗ ರಾತ್ರೋರಾತ್ರಿ ಸೊಲ್ಲಾಪುರಕ್ಕೆ ಓಡಬೇಕಾಯಿತು. ದಾಖಲು ಮಾಡಿಕೊಳ್ಳುವ ಮೊದಲೇ 80 ಸಾವಿರ ಕೇಳಿದರು. ಅದಕ್ಕೆ ಮೂರು ತಿಂಗಳ ಮುಂಚೆಯಷ್ಟೇ ಕೈಯಲ್ಲಿದ್ದ ಹಣವೆಲ್ಲ ಮನೆ ಸಾಲಕ್ಕೆ ಕಟ್ಟಿದ್ದೆವು. ಕಟ್ಟಿದ ಹಣ ವಾಪಸ್ ಕೊಡಿ ಅಂದರೆ ಯಾರು ಕೊಡ್ತಾರೆ? ಕೊನೆಗೆ ಬಂಗಾರ ಇಟ್ಟೆವು. ಆ ಬಡ್ಡಿ ಮನೆ ಸಾಲಕ್ಕಿಂತ ಜಾಸ್ತಿ ಬಿತ್ತು.

ಜೇವರ್ಗಿ ಹುಡುಗ

ನಾನೂ ಅದನ್ನೇ ಹೇಳೋದು. ಎಫ್‌ಡಿ ಇಡಿ.

ಲೆಕ್ಕದ ಮೇಡಂ

ಅಕ್ಕನ ಮಾತು ಬೇರೆ, ನಿನ್ನ ಮಾತು ಬೇರೆ ತಮ್ಮಾ. ಅಕ್ಕ ಹೇಳುವುದು ಆಪತ್ತಿನ ಹಣ. ಅದಕ್ಕೆ ಲಾಭ ನಷ್ಟ ನೋಡಬಾರದು. ನೀನು ಹೇಳುವುದು ಲಾಭಕ್ಕೆ ಎಫ್‌ಡಿ. ಅದರ ಲೆಕ್ಕ ಹೀಗೆ: 5 ಲಕ್ಷಕ್ಕೆ 6.5ರಂತೆ 32,500 ಬಡ್ಡಿ. ಆ ಬಡ್ಡಿ ಸಂಬಳದ ಮೇಲೆ ಕೂಡುತ್ತದೆ, ಮೇಷ್ಟ್ರು ಅದರ ಮೇಲೆ ಸೆಸ್ ಸೇರಿ 15.6 ಪರ್ಸೆಂಟ್ ತೆರಿಗೆ ಕಟ್ಟಬೇಕು. ಕೈಗೆ ಬರುವುದು 27,430, ಅಂದರೆ ಐದೂವರೆ ಪರ್ಸೆಂಟ್. ಸಾಲಕ್ಕೆ ಹಾಕಿದರೆ ಉಳಿಯುವ ಬಡ್ಡಿಗೆ ತೆರಿಗೆಯೇ ಇಲ್ಲ. ಒಂದು ಕಡೆ 27 ಸಾವಿರ, ಇನ್ನೊಂದು ಕಡೆ 44 ಸಾವಿರ. ಸಾಲ ಕೊಟ್ಟವನು ಸಾಲ ತೀರಿಸಬೇಡಿ ಅಂದರೆ ಅದರಲ್ಲಿ ಯಾರ ಲಾಭ ಇದೆ ಅಂತ ಸ್ವಲ್ಪ ಯೋಚಿಸು.

ಮೇಷ್ಟ್ರೇ, ಪೂರ್ತಿ 5 ಲಕ್ಷ ಕಟ್ಟಿ ಕಂತು 26,035 ಹಾಗೇ ಇಟ್ಟರೆ ಉಳಿದ 228 ಕಂತು 155ಕ್ಕೆ ಇಳಿಯುತ್ತದೆ. ಆರು ವರ್ಷ ಮುಂಚೆ ಮುಗಿಯುತ್ತದೆ. ಅಷ್ಟು ಕಟ್ಟುವುದೋ, ಅಕ್ಕ ಹೇಳಿದಂತೆ ಸ್ವಲ್ಪ ಇಟ್ಟುಕೊಳ್ಳುವುದೋ ನಿಮ್ಮ ಮನೆ ನೋಡಿಕೊಂಡು ನಿರ್ಧಾರ ಮಾಡಿ. ಫ್ಲೋಟಿಂಗ್ ಸಾಲ ಆದ್ದರಿಂದ ಮುಂಚೆ ಕಟ್ಟಿದ್ದಕ್ಕೆ ದಂಡ ಹಾಕುವಂತಿಲ್ಲ. ಕಂತು ಇಳಿಸಬೇಡಿ, ಅವಧಿ ಇಳಿಸಿ ಅಂತ ಬರಹದಲ್ಲೇ ಕೊಡಿ. ಬಾಯಿಮಾತು ಸಾಲದು.

ಬೀದರ್ ಕೋಟೆ ಬಾಗಿಲು

ನನ್ನ ಬೀದರ್ ಮನೆ ಬಾಡಿಗೆಗೆ ಕೊಟ್ಟಿದ್ದೇನೆ, ತಿಂಗಳಿಗೆ 10 ಸಾವಿರ. ನಾನು ಹೊಸ ಪದ್ಧತಿ. ಬಡ್ಡಿ ವರ್ಷಕ್ಕೆ ಎರಡೂವರೆ ಲಕ್ಷ. ಹೊಸದರಲ್ಲಿ ಏನೂ ಸಿಗಲ್ಲ ಅಂತಾದರೆ ಬಾಡಿಗೆಗೆ ಪೂರ್ತಿ ತೆರಿಗೆ ಕಟ್ಟಬೇಕಾ?

ಲೆಕ್ಕದ ಮೇಡಂ

ಇಲ್ಲ. ಬಾಡಿಗೆಗೆ ಕೊಟ್ಟ ಮನೆಗೆ ಹೊಸ ಪದ್ಧತಿಯಲ್ಲೂ ಬಡ್ಡಿ ಕಳೆಯಬಹುದು. ಮನೆಗೆ ಕಟ್ಟಿದ ಆಸ್ತಿ ತೆರಿಗೆ 4 ಸಾವಿರ ಅಂತ ಇಟ್ಟುಕೊಳ್ಳಿ. 1,20,000ದಲ್ಲಿ ಅದನ್ನು ಕಳೆದು, ಉಳಿದದ್ದರಲ್ಲಿ 30 ಪರ್ಸೆಂಟ್ ಕಳೆದರೆ 81,200. ನಿಮ್ಮ ಬಡ್ಡಿ ಅದನ್ನು ನುಂಗಿಬಿಡುತ್ತದೆ, ಬಾಡಿಗೆಗೆ ತೆರಿಗೆ ಇಲ್ಲ. ಆದರೆ ಮಿಕ್ಕ ಬಡ್ಡಿಯನ್ನು ಸಂಬಳದಲ್ಲಿ ಕಳೆಯುವಂತಿಲ್ಲ, ಮುಂದಿನ ವರ್ಷಕ್ಕೆ ಒಯ್ಯುವಂತೆಯೂ ಇಲ್ಲ. ಅಲ್ಲಿಗೇ ಹೋಯಿತು.

ಆಳಂದ ಟು ಬೆಂಗಳೂರು

ಮೇಷ್ಟ್ರೇ, ತೆರಿಗೆ ಬಿಡಿ, ಇನ್ನೊಂದು ವಿಷಯ. 2025ರಲ್ಲಿ ರಿಸರ್ವ್ ಬ್ಯಾಂಕ್ ರೆಪೊ ದರವನ್ನು 6.5ರಿಂದ 5.25ಕ್ಕೆ ಇಳಿಸಿತು. ರೆಪೊಗೆ ಜೋಡಿಸಿದ ಬ್ಯಾಂಕ್ ಸಾಲಗಳೆಲ್ಲ ಇಳಿದಿವೆ. ನಿಮ್ಮದು ಇನ್ನೂ 8.5ರಲ್ಲೇ ಯಾಕೆ ನಿಂತಿದೆ? ನನ್ನದೂ ಫೈನಾನ್ಸ್ ಕಂಪನಿಯದೇ, ನನ್ನದೂ ನಿಂತಿದೆ. ಅವರು ರೆಪೊಗೆ ಜೋಡಿಸಬೇಕು ಅನ್ನುವ ಕಡ್ಡಾಯ ಇಲ್ಲವಂತೆ, ಅವರದೇ ಒಂದು ದರ ಇರುತ್ತದಂತೆ. ಕೇಳಿದರೆ ಶುಲ್ಕ ಕಟ್ಟಿ ದರ ಬದಲಿಸಿಕೊಳ್ಳಿ ಅಂತಾರೆ. ಒಂದು ಪರ್ಸೆಂಟ್ ಇಳಿದರೂ ಮೊದಲ ವರ್ಷಗಳಲ್ಲಿ 29 ಸಾವಿರದ ಹತ್ತಿರ ಉಳಿಯುತ್ತದೆ. ನಾನು ತೆರಿಗೆಯಲ್ಲಿ ಉಳಿಸಿದ 20 ಸಾವಿರಕ್ಕಿಂತ ಇದೇ ದೊಡ್ಡದು!

ಲೆಕ್ಕದ ಮೇಡಂ

ಸರಿಯಾಗಿ ಹಿಡಿದಿರಿ. ಶುಲ್ಕ ಎಷ್ಟು ಅಂತ ಬರಹದಲ್ಲಿ ಕೇಳಿ. ಬೇರೆ ಬ್ಯಾಂಕಿಗೆ ಸಾಲ ವರ್ಗಾಯಿಸುವುದೂ ಒಂದು ದಾರಿ, ಆದರೆ ಅಡಮಾನ ಪತ್ರ, ವಕೀಲರ ಅಭಿಪ್ರಾಯ, ಮೌಲ್ಯಮಾಪನ ಅಂತ ಮತ್ತೆ ಖರ್ಚು. ನಿಮ್ಮ ಕಂಪನಿಯ ದರದ ಒಳಗುಟ್ಟು ನನಗೆ ತಿಳಿಯದು, ಅಲ್ಲಿ ಕೆಲಸ ಮಾಡಿದವರು ಯಾರಾದರೂ ಇದ್ದರೆ ಹೇಳಲಿ.

ಜೇವರ್ಗಿ ಹುಡುಗ

ನನ್ನದೂ ಕೂಡಿ ನೋಡಿದೆ. ಸಂಬಳ 11 ಲಕ್ಷ. ಹೊಸದರಲ್ಲಿ ತೆರಿಗೆಯೇ ಬರಲ್ಲ. ಎರಡು ವರ್ಷದಿಂದ 5.95 ಅಂತ ಎಲ್ಲರಿಗೂ ಹೇಳ್ತಾ ಬಂದಿದ್ದೆ. ಆದರೂ ಒಂದು ಮಾತು, ಮನೆ ಬೆಲೆ ಏರುತ್ತಲ್ಲ ಮೇಡಂ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಲೆಕ್ಕದ ಮೇಡಂ

ಮನೆ ಬೆಲೆ ನೀನು ಸಾಲ ತೀರಿಸಿದರೂ ಏರುತ್ತೆ, ತೀರಿಸದಿದ್ದರೂ ಏರುತ್ತೆ. ಇದಕ್ಕೂ ಅದಕ್ಕೂ ಸಂಬಂಧ ಇಲ್ಲ.

ರೈಲು ಮೇಷ್ಟ್ರು, ಕಲಬುರಗಿ

ಎರಡು ವಾರ ಆಯಿತು, ಏನಾಯಿತು ಅಂತ ಹೇಳಿಬಿಡುತ್ತೇನೆ. ಹೊಸ ಪದ್ಧತಿಯಲ್ಲಿ ರಿಟರ್ನ್ ಹಾಕಿದೆ. ರಿಫಂಡ್ ಇನ್ನೂ ಬಂದಿಲ್ಲ, ಪರಿಶೀಲನೆಯಲ್ಲಿದೆ ಅಂತ ತೋರಿಸುತ್ತಿದೆ. ಶಹಾಪುರದ ಅಕ್ಕನ ಮಾತು ಮನೆಯವರಿಗೆ ಓದಿ ಹೇಳಿದೆ. ಒಂದೂವರೆ ಲಕ್ಷ ಬೇರೆ ಖಾತೆಯಲ್ಲಿ ಇಟ್ಟೆವು, ಮೂರೂವರೆ ಲಕ್ಷ ಸಾಲಕ್ಕೆ ಕಟ್ಟಿದೆ. ಸೂಪರ್ ಮಾರ್ಕೆಟ್ ಹತ್ತಿರದ ಅಂಗಡಿಯಲ್ಲಿ ಅರ್ಜಿ ಟೈಪ್ ಮಾಡಿಸಿ, ಅವಧಿ ಇಳಿಸಿ ಅಂತ ಬರೆದುಕೊಟ್ಟು, ನಕಲಿನ ಮೇಲೆ ಸೀಲು ಹಾಕಿಸಿಕೊಂಡೆ.

ನಿನ್ನೆ ಹೊಸ ಪಟ್ಟಿ ಬಂತು. ಕಂತು ಇಳಿದು 23 ಸಾವಿರದ ಹತ್ತಿರ ಆಗಿದೆ, ಅವಧಿ ಹಾಗೇ 2045ರವರೆಗೆ ಇದೆ. ಸೀಲು ಹಾಕಿದ ನಕಲು ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೇನೆ. ನಾಳೆ ಶನಿವಾರ ಬೆಳಿಗ್ಗೆ ಕಾಲೇಜು, ಸಂಜೆ ರೈಲಿನಿಂದ ಇಳಿಯುವಷ್ಟರಲ್ಲಿ ಅವರು ಬಾಗಿಲು ಹಾಕಿರುತ್ತಾರೆ. ಸೋಮವಾರ ಅರ್ಧ ದಿನ ರಜೆ ಹಾಕಬೇಕು.

ಶಹಾಪುರದ ಅಕ್ಕ

ಹೋಗುವಾಗ ದರ ಯಾಕೆ ಇಳಿದಿಲ್ಲ ಅನ್ನೋದನ್ನೂ ಕೇಳಿ ಬನ್ನಿ ಮೇಷ್ಟ್ರೇ. ರಜೆ ಒಂದೇ ಸಲ ಹೋಗಲಿ.